ಚನ್ನಪಟ್ಟಣದ ಗೊಂಬೆ: ಹೊಳಪು ನೋಡಿ, ಅಡಿ ನೋಡಿ, ಗುರುತು ನೋಡಿ

ರಜೆ ಮುಗಿಸಿ ದೋಹಾಕ್ಕೆ ಬರುವ ನಮ್ಮ ಬ್ಯಾಗಿನಲ್ಲಿ ಚಟ್ನಿಪುಡಿಯ ಜೊತೆ ಒಂದು ಚನ್ನಪಟ್ಟಣದ ಆಟಿಕೆಯೂ ಇರುವುದುಂಟು. ಇಲ್ಲಿಯ ಮೇಳದಲ್ಲೋ ಆನ್‌ಲೈನಿನಲ್ಲೋ ಅದೇ ಹೆಸರಿನದು ಕಂಡರೆ "ಒರಿಜಿನಲ್ಲಾ?" ಅಂತ ಕೇಳ್ತೀವಿ. ನಿಜಕ್ಕೂ ಇದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಬಣ್ಣ ಅರಗಿನದೇ? ಮಾಡಿದ್ದು ಚನ್ನಪಟ್ಟಣದಲ್ಲೇ? ಮಗು ಬಾಯಿಗೆ ಇಟ್ಟುಕೊಂಡರೆ ಪರವಾಗಿಲ್ಲವೇ? ಒಂದರ ಉತ್ತರ ಇನ್ನೊಂದಕ್ಕೆ ಸಾಕಾಗುವುದಿಲ್ಲ.

ನಮ್ಮ ರೂಮಿನ ಗೆಳತಿ ಅಕ್ಕನ ಮಗುವಿಗೆಂದು ತಂದ ಎರಡು ಗಿಲಕಿಗಳನ್ನೇ ತೆಗೆದುಕೊಳ್ಳೋಣ. ಒಂದು ಊರಿನದು, ಇನ್ನೊಂದು ಇಲ್ಲೇ ಕೊಂಡದ್ದು. ದೂರದಿಂದ ಎರಡೂ ಒಂದೇ ಥರ, ಕೆಂಪು-ಹಳದಿ ಪಟ್ಟಿ, ಫಳಫಳ ಹೊಳಪು.

ವ್ಯತ್ಯಾಸ ತಿಳಿಯಬೇಕಾದರೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು. ಒಣಗಿಸಿದ ಆಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸಿ ಉಳಿಯಿಂದ ಆಕಾರ ಕೊಡುತ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಕೇದಿಗೆಯ ಗರಿಯಿಂದ ಒತ್ತಿ ಉಜ್ಜಿದರೆ ಪದರ ಸಮವಾಗಿ ಹರಡಿ ಹೊಳಪು ಬರುತ್ತದೆ. ಇಲ್ಲಿ ಬ್ರಷ್ಷೂ ಇಲ್ಲ, ವಾರ್ನಿಷ್ಷೂ ಇಲ್ಲ.

ಹಾಗಾಗಿ ಊರಿನ ಗಿಲಕಿಯಲ್ಲಿ ಪಟ್ಟಿಗಳ ಅಂಚು ಗೆರೆ ಎಳೆದಂತೆ ಚೂಪಾಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಸುತ್ತಲೂ ಹೋಗುವ ಸಣ್ಣ ಗೆರೆಗಳು ಕಂಡವು. ಅಡಿಯಲ್ಲಿ ಬಣ್ಣವಿಲ್ಲದ ಕಡೆ ದಂತದಂಥ ಬಿಳಿಮರ, ನಡುವೆ ಲೇತ್‌ನಿಂದ ಕತ್ತರಿಸಿದ ಗುರುತು. ಇನ್ನೊಂದರಲ್ಲಿ ಸಂದಿಯಲ್ಲಿ ಬಣ್ಣ ಹರಿದು ಹನಿಗಟ್ಟಿತ್ತು. ಅದು ಅದ್ದಿದ ಅಥವಾ ಸಿಂಪಡಿಸಿದ ಪೇಂಟಿನ ಲಕ್ಷಣ. ಒಂದು ಎಚ್ಚರಿಕೆ: ಅರಗಿನ ಕಡ್ಡಿ ಕೂರುವುದು ತಿರುಗುವ ದುಂಡನೆಯ ಮೈಗೆ ಮಾತ್ರ. ಗೊಂಬೆಯ ಕಣ್ಣು, ಮೂಗು ಬ್ರಷ್ಷಿನಲ್ಲಿ ಬರೆದಿದ್ದರೆ ಅದನ್ನು ನಕಲಿ ಅನ್ನಬೇಡಿ.

ಇನ್ನೂ ಅನುಮಾನವಿದ್ದರೆ ನಮ್ಮೆಲ್ಲರ ಜೇಬಿನಲ್ಲಿರುವ ಸ್ಯಾನಿಟೈಸರ್ ಸಾಕು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಹತ್ತಿಗೆ ಒಂದು ಹನಿ ಹಾಕಿ ಕಾಣದ ಅಡಿಭಾಗದಲ್ಲಿ ಅರ್ಧ ನಿಮಿಷ ಒತ್ತಿ. ಅರಗಾದರೆ ಅಂಟಂಟಾಗಿ ಬಣ್ಣ ಹತ್ತಿಗೆ ಬರುತ್ತದೆ. ಗಟ್ಟಿಯಾದ ಪಾಲಿಯುರೆಥೇನ್ ಲೇಪ ಸಾಮಾನ್ಯವಾಗಿ ಜಗ್ಗುವುದಿಲ್ಲ. ಒತ್ತಿದ ಜಾಗದ ಹೊಳಪು ಹೋಗುತ್ತದೆ, ಆದ್ದರಿಂದ ಅಂಗಡಿಯವರ ಸಾಮಾನಿನ ಮೇಲೆ ಮಾಡಬೇಡಿ!

ಅರಗು ಅಂತ ಖಾತ್ರಿಯಾದರೂ ಊರು ಯಾವುದೆಂದು ಗೊತ್ತಾಗುವುದಿಲ್ಲ. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಜಾತಿಯ ಮರ, ಇದೇ ಅರಗು, ಇದೇ ಲೇತ್ ಕೆಲಸ. ಬರೀ ಹೊಳಪು ನೋಡಿ ಊರು ಹೇಳುತ್ತೇನೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಅಲ್ಲಿ ಗುರುತು ಬೇಕು. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಇದೆ. ಪೊಟ್ಟಣದ ಮೇಲೆ ಜಿಐ ಚಿಹ್ನೆಯ ಜೊತೆ ತಯಾರಕರ ಹೆಸರು, ವಿಳಾಸ ಇದೆಯೇ ನೋಡಿ. ಚಿಹ್ನೆ ಮಾತ್ರ ಮುದ್ರಿಸುವುದು ಯಾರಿಗೂ ಸುಲಭ. ಕರ್ನಾಟಕ ಕರಕುಶಲ ಅಭಿವೃದ್ಧಿ ನಿಗಮದ 'ಕಾವೇರಿ' ಮಳಿಗೆಯ ಬಿಲ್ಲಿದ್ದರೆ ಅದೂ ಒಳ್ಳೆಯ ಸಾಕ್ಷಿ. ಐಎಸ್‌ಐ ಗುರುತಿಲ್ಲ ಅಂತ ಗಾಬರಿಯಾಗಬೇಡಿ. ಭಾರತ 2021ರ ಜನವರಿಯಿಂದ ಆಟಿಕೆಗಳಿಗೆ ಅದನ್ನು ಕಡ್ಡಾಯ ಮಾಡಿದರೂ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟಿದೆ.

ಕೊನೆಯ ಪ್ರಶ್ನೆಯೇ ಕಷ್ಟದ್ದು. ಅರಗು ನೈಸರ್ಗಿಕ ಅಂದಮಾತ್ರಕ್ಕೆ ಅದರಲ್ಲಿ ಬೆರೆಸಿದ ಬಣ್ಣವೂ ಹಾಗೇ ಅಂತಲ್ಲ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ ಬಳಸುವವರಿದ್ದಾರೆ, ರಾಸಾಯನಿಕ ಬಣ್ಣ ಬಳಸುವವರೂ ಇದ್ದಾರೆ. ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ. ಬರೀ ನೀರಿಗೆ ಬಣ್ಣ ಬಿಟ್ಟರೆ ಮಗುವಿಗೆ ಕೊಡಬೇಡಿ, ಜೊಲ್ಲಿಗೂ ಅದು ಬಿಡುತ್ತದೆ. ಆದರೆ ಬಣ್ಣ ಬಿಡದಿದ್ದರೆ ಸೀಸ ಇಲ್ಲ ಅಂತ ಅರ್ಥವಲ್ಲ. ಸೀಸ ಕಣ್ಣಿಗೂ ಬಟ್ಟೆಗೂ ಸಿಗುವುದಿಲ್ಲ. ಯುರೋಪಿನ ಇಎನ್ 71-3 ಪರೀಕ್ಷೆಯಲ್ಲಿ ಲೇಪವನ್ನು ಕೆರೆದು, ಹೊಟ್ಟೆಯ ಆಮ್ಲವನ್ನು ಹೋಲುವ 0.07 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ಕುಲುಕಿ, ಇನ್ನೊಂದು ಗಂಟೆ ಹಾಗೇ ಬಿಟ್ಟು, ಎಷ್ಟು ಲೋಹ ಹೊರಬಂತು ಅಂತ ಅಳೆಯುತ್ತಾರೆ. ಮಾರುವವರ ಹತ್ತಿರ ಇಂಥ ವರದಿ ಕೇಳಿ. ಕತಾರ್ ಸೇರಿದಂತೆ ಗಲ್ಫ್ ದೇಶಗಳಲ್ಲಿ ಅಂಗಡಿಯಲ್ಲಿ ಮಾರುವ ಆಟಿಕೆಗೆ ಕ್ಯೂಆರ್ ಕೋಡ್ ಇರುವ ಜಿ ಮಾರ್ಕ್ ಇರಬೇಕು. ಅದು ಸುರಕ್ಷತೆಯ ಗುರುತು, ಊರಿನದಲ್ಲ. ಜಿಐ ಜೊತೆ ಗೊಂದಲ ಬೇಡ.

ನಮ್ಮ ಗಿಲಕಿಗಳ ಕಥೆ: ಇಲ್ಲಿ ಕೊಂಡದ್ದರಲ್ಲಿ ಜಿ ಮಾರ್ಕ್ ಇತ್ತು, ಅರಗು ಇರಲಿಲ್ಲ. ಊರಿನದರಲ್ಲಿ ಅರಗೂ ಇತ್ತು, ತಯಾರಕರ ವಿಳಾಸವೂ ಇತ್ತು, ಬಣ್ಣದ ವರದಿ ಇರಲಿಲ್ಲ. ಊರಿನದು ಶೋಕೇಸಿಗೆ ಹೋಯಿತು, ಮಗುವಿನ ಕೈಗೆ ಇನ್ನೊಂದು.

ಅಂದಹಾಗೆ, ಅಸಲಿ ಅರಗಿನ ಆಟಿಕೆಯನ್ನು ಜುಲೈ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಇಲ್ಲಿಯ ಬಿಸಿಲಿಗೆ ಅರಗು ಮೆತ್ತಗಾಗಿ ಪಕ್ಕದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಧೂಳು ಒರೆಸಲು ಒಣಬಟ್ಟೆ ಸಾಕು, ಸ್ಯಾನಿಟೈಸರ್ ವೈಪ್ಸ್ ಮುಟ್ಟಿಸಲೇಬೇಡಿ.