ಮಳೆ ಬರುತ್ತಿದೆ: ಒಂದು ಕೊರಿಯನ್ ವಾಕ್ಯದ ಆರು ಮುಖಗಳು

'ಮಳೆ ಬರುತ್ತಿದೆ' ಎಂಬ ವಾಕ್ಯದಲ್ಲಿ ಮನುಷ್ಯರ ಸುಳಿವೇ ಇಲ್ಲ. ಮಳೆಯೊಂದುಂಟು, ಅದರ ಬರುವಿಕೆಯೊಂದುಂಟು. ಹೇಳಿದವರು ಯಾರು, ಕೇಳಿದವರು ಯಾರು ಎಂಬುದನ್ನು ಈ ವಾಕ್ಯ ನಮಗೆ ತಿಳಿಸುವುದಿಲ್ಲ. ಆದರೆ ಕೊರಿಯದ ಮನುಷ್ಯನೊಬ್ಬನು ಇದನ್ನೇ ತನ್ನ ಭಾಷೆಯಲ್ಲಿ ಹೇಳಹೊರಟರೆ, ಕೇಳುವವರು ತನಗೆ ಏನಾಗಬೇಕು ಎಂಬುದನ್ನು ತೀರ್ಮಾನಿಸದೆ ವಾಕ್ಯವನ್ನು ಮುಗಿಸಲಾರನು. ಆ ತೀರ್ಮಾನವು ಕ್ರಿಯಾಪದದ ತುದಿಯಲ್ಲಿ ಬಂದು ಕುಳಿತುಕೊಳ್ಳುತ್ತದೆ.

ಕೊರಿಯನ್ ಭಾಷೆಯಲ್ಲಿ 'ಬಿ' ಎಂದರೆ ಮಳೆ, 'ಗ' ಎಂಬುದು ಕರ್ತೃವನ್ನು ಸೂಚಿಸುವ ಪ್ರತ್ಯಯ, 'ಒ' ಎಂಬುದು 'ಬರು' ಎಂಬರ್ಥದ ಧಾತು. 'ಬಿಗ' ಎಂಬ ಪದವು ಎಲ್ಲರ ಮುಂದೆಯೂ ಒಂದೇ. ಧಾತುವಿನ ಮುಂದೆ ಬರುವ ಪ್ರತ್ಯಯ ಮಾತ್ರ ಬದಲಾಗುತ್ತದೆ. ವೈಯಾಕರಣರು ಸಾಮಾನ್ಯವಾಗಿ ಇದರಲ್ಲಿ ಆರು ಮೆಟ್ಟಿಲುಗಳನ್ನು ಎಣಿಸುತ್ತಾರೆ.

ಸಭೆಯಲ್ಲಿ, ವಾರ್ತಾಪ್ರಸಾರದಲ್ಲಿ, ಮೇಲಧಿಕಾರಿಯ ಮುಂದೆ 'ಬಿಗ ಒಮ್ನಿದ' ಎನ್ನಬೇಕು. ಅಂಗಡಿಯವನೊಡನೆ, ಪರಿಚಿತರೊಡನೆ, ನೆರೆಯ ಹಿರಿಯರೊಡನೆ 'ಬಿಗ ವಾಯೊ' ಎಂದರೆ ಸಾಕು. ಮರ್ಯಾದೆಯೂ ಉಂಟು, ಬಿಗುವೂ ಇಲ್ಲ. ಸ್ನೇಹಿತರಲ್ಲಿ, ಒಡಹುಟ್ಟಿದವರಲ್ಲಿ 'ಬಿಗ ವಾ'. ಮಕ್ಕಳಿಗೆ ಅಥವಾ ತೀರ ಸಲುಗೆಯ ಗೆಳೆಯನಿಗೆ 'ಬಿಗ ಒನ್‌ದ'. ಉಳಿದ ಎರಡು ನಡುವಿನ ಮೆಟ್ಟಿಲುಗಳು. ವಯಸ್ಸಾದವನು ಬೆಳೆದುನಿಂತ ಕಿರಿಯನಿಗೆ, ಉದಾಹರಣೆಗೆ ಮಾವನು ಅಳಿಯನಿಗೆ, 'ಬಿಗ ಒನೆ' ಎನ್ನುತ್ತಾನೆ: ನೀನು ಕಿರಿಯನೇ, ಆದರೂ ಹುಡುಗನಲ್ಲ ಎಂಬ ಧ್ವನಿ ಅದರಲ್ಲಿದೆ. 'ಬಿಗ ಒಒ' ಎಂಬುದು ಹಳೆಯ ಕಾಲದ ಬಿಗಿಯಾದ ಸಭ್ಯತೆ. ಈ ನಡುವಿನ ಎರಡೂ ದಕ್ಷಿಣ ಕೊರಿಯದ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿ, ಐತಿಹಾಸಿಕ ನಾಟಕಗಳಲ್ಲಿಯೂ ವೃದ್ಧರ ಮಾತಿನಲ್ಲಿಯೂ ಉಳಿದಿವೆ. ಆದರೂ ಬಾಗಿಲುಗಳ ಮೇಲೆ 'ತಳ್ಳಿರಿ', 'ಎಳೆಯಿರಿ' ಎಂದು ಬರೆದಿರುವ ಫಲಕಗಳಲ್ಲಿ ಆ ಹಳೆಯ ಸಭ್ಯತೆಯ ಪ್ರತ್ಯಯವನ್ನು ಇಂದಿಗೂ ನೋಡಬಹುದು.

ಕೇಳುಗನಿಗೆ ಒಂದು ಸ್ಥಾನ

ನಮ್ಮ ಭಾಷೆಯಲ್ಲಿಯೂ ಗೌರವಸೂಚಕ ಬಹುವಚನವಿಲ್ಲವೆ ಎಂದು ವಾಚಕರು ಕೇಳಬಹುದು. ಉಂಟು, ಆದರೆ ಅದರ ಸ್ಥಾನ ಬೇರೆ. 'ಅಜ್ಜ ಬಂದರು' ಎಂದಾಗ ನಾವು ಗೌರವಿಸುವುದು ವಾಕ್ಯದ ಒಳಗಿರುವ ಅಜ್ಜನನ್ನು. ಆ ಮಾತನ್ನು ತಮ್ಮನಿಗೆ ಹೇಳಿದರೂ, ಊರಿನ ಯಜಮಾನರಿಗೆ ಹೇಳಿದರೂ 'ಬಂದರು' ಎಂಬುದು ಬದಲಾಗದು. ಕನ್ನಡದ ಕ್ರಿಯಾಪದದ ತುದಿಯಲ್ಲಿ ಕರ್ತೃವಿನ ಲಿಂಗ, ವಚನ, ಪುರುಷಗಳು ನೆಲೆಸಿವೆ. ಕೊರಿಯನ್ ಕ್ರಿಯಾಪದಕ್ಕೆ ಈ ಮೂರೂ ಇಲ್ಲ. ಅದರ ತುದಿ ಕೇಳುಗನಿಗೆ ಮೀಸಲು. ಕರ್ತೃವಿಗೆ ಸಲ್ಲಬೇಕಾದ ಗೌರವಕ್ಕೆ 'ಸಿ' ಎಂಬ ಬೇರೊಂದು ಪ್ರತ್ಯಯವುಂಟು. ಅದು ಧಾತುವಿಗೂ ತುದಿಗೂ ನಡುವೆ ಸೇರುತ್ತದೆ. ಆದ್ದರಿಂದ ಮೇಷ್ಟರು ಬರುತ್ತಿರುವುದನ್ನು ಗೆಳೆಯನಿಗೆ ಹೇಳುವ ಹುಡುಗನು ಒಂದೇ ಕ್ರಿಯಾಪದದಲ್ಲಿ ಮೇಷ್ಟರನ್ನು ಮೇಲೆತ್ತಿ, ಗೆಳೆಯನನ್ನು ಸಲುಗೆಯಿಂದ ಕಾಣುತ್ತಾನೆ: 'ಒಸಿನ್‌ದ'. ಮಳೆಯ ವಾಕ್ಯವನ್ನು ನಾವು ಆರಿಸಿಕೊಂಡದ್ದು ಇದೇ ಕಾರಣದಿಂದ. ಮಳೆಗೆ ಬಹುವಚನ ಸಲ್ಲಿಸುವ ಪ್ರಶ್ನೆಯಿಲ್ಲವಾದ್ದರಿಂದ ಅಲ್ಲಿ ಉಳಿಯುವುದು ಕೇಳುಗನೊಬ್ಬನೇ.

ಹಾಗೆಂದು ಕನ್ನಡಕ್ಕೆ ಕೇಳುಗನನ್ನು ಮುಟ್ಟುವ ಸಾಧನವೇ ಇಲ್ಲವೆಂದು ತಿಳಿಯಬಾರದು. ಅದು ನಮ್ಮ ವ್ಯಾಕರಣಗ್ರಂಥಗಳಿಗಿಂತ ಹೆಚ್ಚಾಗಿ ಆಡುಮಾತಿನಲ್ಲಿದೆ. ಉತ್ತರ ಕರ್ನಾಟಕದವರು 'ಮಳಿ ಬರಾಕತ್ತೈತ್ರಿ' ಎನ್ನುವಾಗ ಆ 'ರಿ' ಮಳೆಗೆ ಸಲ್ಲುವ ಗೌರವವಲ್ಲ, ಕೇಳುವವರಿಗೆ ಸಲ್ಲುವುದು. ಹಳೆಯ ಮೈಸೂರಿನ ಕಡೆ 'ಬರ್ತಿದೆ ಕಣ್ರೀ', 'ಬರ್ತಿದೆ ಕಣಯ್ಯ', 'ಬರ್ತಿದೆ ಕಣೋ', 'ಬರ್ತಿದೆ ಕಣೇ' ಎಂಬ ಭೇದಗಳುಂಟು. ಕೊರಿಯನ್ ಮೆಟ್ಟಿಲುಗಳಿಗೆ ಇವು ತೀರ ಹತ್ತಿರದ ಬಂಧುಗಳು. ವ್ಯತ್ಯಾಸವಿಷ್ಟೇ: ನಮ್ಮಲ್ಲಿ ಇವು ಐಚ್ಛಿಕ, ಅಲ್ಲಿ ಅನಿವಾರ್ಯ. ನಾವು ಬರಿದೇ 'ಮಳೆ ಬರ್ತಿದೆ' ಎಂದು ತಪ್ಪಿಸಿಕೊಳ್ಳಬಹುದು. ಕೊರಿಯದವನು ಆರಿಸಲೇಬೇಕು.

ಒಂದು ಅಕ್ಷರದ ಕಥೆ

ಈ ಅನಿವಾರ್ಯತೆಯಿಂದ ಅನುವಾದಕನಿಗೆ ಒದಗುವ ಕಷ್ಟವನ್ನು ಒಂದು ಕಲ್ಪಿತ ಕಥೆಯ ಮೂಲಕ ನೋಡೋಣ. ಸೋಲ್ ನಗರದ ಒಂದು ಕಚೇರಿಯಲ್ಲಿ ಚೊಲ್‌ಸು ಎಂಬ ತರುಣನೂ ಯೊಂಗ್‌ಹಿ ಎಂಬ ತರುಣಿಯೂ ಕೆಲಸಕ್ಕೆ ಸೇರುತ್ತಾರೆ. ಮೊದಲ ವಾರ ಬಾಗಿಲಲ್ಲಿ ಎದುರಾದಾಗ ಅವನು ಆಕಾಶವನ್ನು ನೋಡಿ 'ಬಿಗ ಒಮ್ನಿದ' ಎನ್ನುತ್ತಾನೆ. ಒಂದು ತಿಂಗಳಾದ ಮೇಲೆ ಅದೇ ಬಾಗಿಲಲ್ಲಿ 'ಬಿಗ ವಾಯೊ' ಎನ್ನುತ್ತಾನೆ. ಇನ್ನೊಂದು ಸಂಜೆ, ಒಂದೇ ಕೊಡೆಯ ಕೆಳಗೆ, 'ಬಿಗ ವಾ' ಎಂದುಬಿಡುತ್ತಾನೆ.

'ವಾಯೊ' ಎಂಬುದಕ್ಕೂ 'ವಾ' ಎಂಬುದಕ್ಕೂ ಇರುವ ಅಂತರ 'ಯೊ' ಎಂಬ ಒಂದೇ ಅಕ್ಷರ. ಅದನ್ನು ಬಿಟ್ಟು ಆಡುವ ಮಾತಿಗೆ ಕೊರಿಯನ್ನರು 'ಬಾನ್‌ಮಲ್' ಎನ್ನುತ್ತಾರೆ. ಅರ್ಧಮಾತು ಎಂದು ಅದರ ಪದಶಃ ಅರ್ಥ. ಒಪ್ಪಿಗೆಯಿಂದ ಹಾಗೆ ಆಡತೊಡಗುವುದನ್ನು 'ಮಾತನ್ನು ಕೆಳಗಿಡುವುದು' ಎನ್ನುತ್ತಾರೆ. ಕಿರಿಯರು ಹಿರಿಯರಿಗೆ 'ತಮ್ಮ ಮಾತನ್ನು ಇಳಿಸಿರಿ' ಎಂದು ತಾವೇ ಬೇಡಿಕೊಳ್ಳುವುದೂ ಉಂಟು. ಆದರೆ ಅಪ್ಪಣೆಯಿಲ್ಲದೆ ಅಕ್ಷರವನ್ನು ನುಂಗಿದರೆ ಜಗಳಕ್ಕೆ ಕಾರಣವಾಗುತ್ತದೆ. 'ನಿನ್ನ ಮಾತು ಗಿಡ್ಡವಾಗಿದೆ' ಎಂಬ ಆಕ್ಷೇಪಣೆ ಕೇಳಿಬರುತ್ತದೆ. 'ಏಕವಚನಕ್ಕೆ ಇಳಿದ' ಎಂಬ ನಮ್ಮ ಮಾತಿನ ಕಾವು ಇಂತಹುದೇ.

ಹಾಗಾದರೆ ಕೊಡೆಯ ಕೆಳಗೆ ಚೊಲ್‌ಸು ಹೇಳಿದ್ದು ಮಳೆಯ ಸಮಾಚಾರವಲ್ಲ. ಅವನು ಒಂದು ಪ್ರಶ್ನೆಯನ್ನು ಕೇಳಿದ್ದಾನೆ. ಯೊಂಗ್‌ಹಿಯ ಉತ್ತರ ಎರಡು ಬಗೆಯಾಗಿರಬಹುದು. 'ಉಂಗ್, ವಾ' ಎಂದರೆ ಅವಳೂ ಮಾತನ್ನು ಕೆಳಗಿಟ್ಟಳು. 'ನೆ, ವಾಯೊ' ಎಂದರೆ ಮಳೆ ಬರುತ್ತಿರುವುದನ್ನು ಒಪ್ಪಿಕೊಂಡು, ಅವನ ಸಲುಗೆಯನ್ನು ಒಪ್ಪಿಕೊಳ್ಳಲಿಲ್ಲ. ಅನುವಾದಕನು ಎರಡನ್ನೂ 'ಹೌದು, ಬರುತ್ತಿದೆ' ಎಂದು ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಆ ಅಧ್ಯಾಯದಲ್ಲಿ ನಡೆದ ಏಕೈಕ ಘಟನೆ ಕಾಣದೆ ಹೋಯಿತು. ಇಂಗ್ಲಿಷಿಗೆ ತರುವವನಿಗೆ ಇಲ್ಲಿ ಪ್ರತ್ಯಯದ ಆಸರೆಯಿಲ್ಲ. ಸಂಬೋಧನೆಯನ್ನು ಬದಲಿಸಿಯೋ, ಒಂದು ವಿವರಣೆಯನ್ನು ಸೇರಿಸಿಯೋ ಅವನು ಸುತ್ತುದಾರಿ ಹಿಡಿಯಬೇಕು. ಕನ್ನಡದವನಿಗೆ ನೇರವಾದ ದಾರಿಯೇ ಇದೆ. ಮೊದಲ ದಿನ 'ಮಳೆ ಬರುತ್ತಿದೆ' ಎಂಬ ಇಡಿಯಾದ ರೂಪ. ತಿಂಗಳ ಮೇಲೆ 'ಮಳೆ ಬರ್ತಿದೆ ಕಣ್ರೀ'. ಕೊಡೆಯ ಕೆಳಗೆ 'ಮಳೆ ಬರ್ತಿದೆ ಕಣೇ'. ಅವಳ ಉತ್ತರ 'ಹೂಂ ಕಣೋ, ಬರ್ತಿದೆ' ಎಂದಾಗಬಹುದು, ಅಥವಾ 'ಹೌದು ರೀ, ಬರ್ತಿದೆ' ಎಂದಾಗಬಹುದು.

ಕಥೆ ಮುಂದುವರಿದು ಅವರಿಬ್ಬರಿಗೂ ಮನಸ್ತಾಪವಾಯಿತೆನ್ನಿ. ಮರುದಿನ ಬಾಗಿಲಲ್ಲಿ ಅವಳು 'ಬಿಗ ಒಮ್ನಿದ' ಎನ್ನುತ್ತಾಳೆ. ಮೊದಲ ವಾರ ಕೇಳಿದ ಪ್ರತ್ಯಯವೇ ಇದು. ಆಗ ಅದು ಸಭ್ಯತೆ, ಈಗ ಅದೇ ಶಿಕ್ಷೆ. ಪ್ರತ್ಯಯದ ಅರ್ಥ ಪ್ರತ್ಯಯದಲ್ಲಿಯೇ ಇರದೆ, ಹಿಂದಿನ ಮಾತಿಗೂ ಇದಕ್ಕೂ ಇರುವ ಅಂತರದಲ್ಲಿದೆ. ಕನ್ನಡದಲ್ಲಿ 'ಕಣೋ' ಮಾಯವಾಗಿ 'ಬರುತ್ತಿದೆ' ಎಂಬ ಇಡಿಯಾದ ರೂಪ ಮರಳಿ ಬಂದರೆ ಓದುಗನಿಗೆ ಚಳಿ ತಟ್ಟುತ್ತದೆ.

ಎಡವುವ ಎಡೆಗಳು

ಈ ದಾರಿಯಲ್ಲಿ ಎಡವುವ ಸ್ಥಳಗಳೂ ಇವೆ. ಮೊದಲನೆಯದು 'ಒನ್‌ದ' ಎಂಬ ರೂಪ. ಎದುರಿಗಿರುವ ಹುಡುಗನಿಗೆ ಹೇಳಿದಾಗ ಅದು ಸಲುಗೆಯ ಮಾತು. ಆದರೆ ಕಾದಂಬರಿಯ ನಿರೂಪಣೆ, ವೃತ್ತಪತ್ರಿಕೆ, ದಿನಚರಿ ಇವೆಲ್ಲವೂ ಇದೇ ರೂಪದಲ್ಲಿ ಬರೆಯಲ್ಪಡುತ್ತವೆ. ಅಲ್ಲಿ ಎದುರಿಗೆ ಯಾರೂ ಇಲ್ಲ. ಅದು ಕನ್ನಡದ ಗ್ರಂಥಸ್ಥ 'ಮಳೆ ಬರುತ್ತದೆ' ಎಂಬುದಕ್ಕೆ ಸಮ. ಉದ್ಧರಣ ಚಿಹ್ನೆಯ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮೊದಲು ನೋಡಬೇಕು.

ಎರಡನೆಯದು 'ಒನೆ'. ಮಾವನ ಗಂಭೀರವಾದ ಮಾತಿಗೂ, 'ಅರೆ, ಮಳೆ ಬರ್ತಿದೆಯಲ್ಲ!' ಎಂಬ ಅಚ್ಚರಿಗೂ ಕೊರಿಯನ್ನಿನಲ್ಲಿ ಒಂದೇ ಅಕ್ಷರಗಳು. ಗುರುತಿಸುವ ಬಗೆ ಹೀಗೆ: ಅದೇ ವ್ಯಕ್ತಿ ಹಿಂದುಮುಂದಿನ ವಾಕ್ಯಗಳಲ್ಲಿ ಕಿರಿಯನನ್ನು 'ಜಾನೆ' ಎಂಬ ಸರ್ವನಾಮದಿಂದ ಕರೆಯುತ್ತಿದ್ದರೆ ಅದು ಹಿರಿಯನ ಮೆಟ್ಟಿಲು. 'ಯೊ' ಸೇರಿ 'ಒನೆಯೊ' ಎಂದಾಗಿದ್ದರೆ ಅಚ್ಚರಿಯೇ ಸರಿ. ಹಿರಿಯನ 'ಒನೆ'ಗೆ 'ಯೊ' ಸೇರುವುದಿಲ್ಲ.

ಮೂರನೆಯದು ನಮ್ಮ ಕಡೆಯ ತೊಡಕು. 'ಕಣೋ', 'ಕಣೇ' ಎಂಬಲ್ಲಿ ಕೇಳುಗನ ಲಿಂಗ ಬಯಲಾಗುತ್ತದೆ. ಕೊರಿಯನ್ 'ವಾ' ಎಂಬುದು ಅದನ್ನು ಹೇಳುವುದಿಲ್ಲ. ದೂರವಾಣಿಯ ಆ ತುದಿಯಲ್ಲಿರುವವರು ಗಂಡೋ ಹೆಣ್ಣೋ ಎಂಬುದನ್ನು ಲೇಖಕ ಗುಟ್ಟಾಗಿಟ್ಟಿದ್ದರೆ ನಮ್ಮ ಪ್ರತ್ಯಯ ಆ ಗುಟ್ಟನ್ನು ರಟ್ಟುಮಾಡುತ್ತದೆ. ಅಂಥ ಕಡೆ 'ನೋಡು', 'ನೋಡಿ' ಎಂಬ ಮಾತುಗಳಿಂದ ಕೆಲಸ ಸಾಗಿಸಬೇಕು. ಸಂಬಂಧಗಳೂ ಎರಡು ನಾಡುಗಳಲ್ಲಿ ಒಂದೇ ಮೆಟ್ಟಿಲಲ್ಲಿ ನಿಂತಿಲ್ಲ. ಕೊರಿಯದ ಮಾವ ಅಳಿಯನಿಗೆ 'ಒನೆ' ಎಂದರೆ, ನಮ್ಮ ಅನೇಕ ಮನೆಗಳಲ್ಲಿ ಅಳಿಯನಿಗೆ ಬಹುವಚನ ಸಲ್ಲುತ್ತದೆ. ನಾವು ದೇವರನ್ನು 'ನೀನು' ಎಂದು ಕರೆದರೆ, ಕೊರಿಯನ್ ಪ್ರಾರ್ಥನೆಯು ಅತ್ಯುನ್ನತವಾದ ಪ್ರಾಚೀನ ರೂಪವನ್ನು ಬಳಸುತ್ತದೆ.

ಇನ್ನು, ಮೂಲದ ಪ್ರತಿಯೊಂದು ವಾಕ್ಯದಲ್ಲಿಯೂ ಪ್ರತ್ಯಯವಿದೆಯೆಂದು ಅನುವಾದದ ಪ್ರತಿಯೊಂದು ವಾಕ್ಯಕ್ಕೂ 'ಕಣೇ' ಅಂಟಿಸಿದರೆ ಸಂಭಾಷಣೆ ನಗೆಪಾಟಲಾಗುತ್ತದೆ. ಅಲ್ಲಿ ಅದು ನಿಯಮವಾದ್ದರಿಂದ ಕಿವಿ ಅದನ್ನು ಗಮನಿಸದು. ಇಲ್ಲಿ ಐಚ್ಛಿಕವಾದ್ದರಿಂದ ಪ್ರತಿಸಲವೂ ಎದ್ದು ಕೇಳಿಸುತ್ತದೆ. ಆದ್ದರಿಂದ ಒಂದು ದೃಶ್ಯದ ಮೊದಲಲ್ಲಿ ಒಮ್ಮೆ ಮೆಟ್ಟಿಲನ್ನು ತೋರಿಸಿ, ಮತ್ತೆ ಅದು ಬದಲಾದಲ್ಲಿ ಮಾತ್ರ ತೋರಿಸಿದರೆ ಸಾಕು.

ಒಂದು ಸಂದರ್ಭದಲ್ಲಿ ಮಾತ್ರ ಅನುವಾದಕನಿಗೆ ಯಾವ ತೊಡಕೂ ಇಲ್ಲ. ಒಬ್ಬರ ಮಾತನ್ನು ಪರೋಕ್ಷವಾಗಿ ವರದಿ ಮಾಡುವಾಗ ಕೊರಿಯನ್ನರು 'ಒಮ್ನಿದ', 'ವಾಯೊ', 'ವಾ' ಎಲ್ಲವನ್ನೂ 'ಒನ್‌ದಗೊ' ಎಂಬ ಒಂದೇ ರೂಪಕ್ಕೆ ತರುತ್ತಾರೆ. 'ಮಳೆ ಬರುತ್ತಿದೆಯೆಂದು' ಎಂಬುದೇ ಅದರ ಅರ್ಥ. ಮೂಲದಲ್ಲಿ ಹೇಳಿದವರು ಕೇಳುಗನನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸಿದ್ದರು ಎಂಬುದು ಅಲ್ಲಿ ಕೊರಿಯನ್ನರಿಗೂ ತಿಳಿಯದು. ಯೊಂಗ್‌ಹಿ ಆ ಸಂಜೆಯ ಮಾತನ್ನು ಗೆಳತಿಗೆ ತಿಳಿಸುತ್ತ 'ಮಳೆ ಬರುತ್ತಿದೆಯೆಂದು ಹೇಳಿದ' ಎಂದಷ್ಟೇ ಅಂದರೆ, ಅವನು 'ಯೊ' ಎಂದನೋ ಬಿಟ್ಟನೋ ಎಂಬುದನ್ನು ಗೆಳತಿ ಮತ್ತೆ ಕೇಳಿಯೇ ತಿಳಿಯಬೇಕು.