ಎರಡು ಅಲೆಗಳ ನಡುವಣ ಅಂತರ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಆ ಊರಿನಿಂದ ನಿತ್ಯವೂ ಬಸ್ಸಿನಲ್ಲಿ ಬಂದು ಕಲಿಯುವ ವಿದ್ಯಾರ್ಥಿಯೊಬ್ಬನ ಪ್ರಯೋಗದ ಪುಸ್ತಕವನ್ನು ನಾವು ಒಮ್ಮೆ ತಿದ್ದುತ್ತಿದ್ದೆವು. ಒಂದೆಡೆ 3.4 ಎಂಬ ಅಂಕೆಯನ್ನು ಅಳಿಸಿ 1.9 ಎಂದು ಬರೆದಿದ್ದಿತು. ಕಾರಣವನ್ನು ಕೇಳಿದೆವು.

“ಸರ್, ಎರಡೂ ಕೂಡಿಸಿದ್ರ ಐದೂವರೆ ಆಗತದ್ರಿ. ಕೊಟ್ಟದ್ದು ನಾಕೇ ವೋಲ್ಟ್ ಅದರಿ” ಎಂದನು.

ಅವನು ಅಳಿಸಿದ ಅಂಕೆಯೇ ಸರಿಯಾದುದು. ಅದು ಹೇಗೆಂಬುದನ್ನು ಈಗ ವಿಚಾರಿಸೋಣ.

1000 ಓಮಿನ ರೋಧಕವನ್ನೂ 0.1 ಮೈಕ್ರೋಫ್ಯಾರಡಿನ ಕೆಪ್ಯಾಸಿಟರನ್ನೂ ಅವನು ಶ್ರೇಣಿಯಲ್ಲಿ ಜೋಡಿಸಿ, ಸೆಕೆಂಡಿಗೆ 1000 ಆವರ್ತಗಳ ಪರ್ಯಾಯ ವಿದ್ಯುತ್ತನ್ನು ಕೊಟ್ಟಿದ್ದನು. ಆಸಿಲೋಸ್ಕೋಪಿನ ತೆರೆಯಲ್ಲಿ ಒಂದು ಚೌಕದ ಎತ್ತರಕ್ಕೆ 1 ವೋಲ್ಟ್. ಮೂಲದ ಅಲೆಯು ತಳದಿಂದ ತುದಿಯವರೆಗೆ 8 ಚೌಕಗಳನ್ನು ಆಕ್ರಮಿಸಿದ್ದಿತು. ಅಲೆಯು ನಡುಗೆರೆಯಿಂದ ಏರುವ ಎತ್ತರಕ್ಕೆ ಪಾರವೆಂದು ಹೆಸರು. ಅದು 8ರ ಅರ್ಧ, ಎಂದರೆ 4 ವೋಲ್ಟ್. ನಡುಗೆರೆಯನ್ನು ಕಣ್ಣಂದಾಜಿನಿಂದ ಗುರುತಿಸಿ ಪಾರವನ್ನು ಅಳೆಯುವುದಕ್ಕಿಂತ, ಪೂರ್ಣ ಎತ್ತರವನ್ನು ಅಳೆದು ಅರ್ಧ ಮಾಡುವುದೇ ಲೇಸು. ಹಾಗೆ ಕೆಪ್ಯಾಸಿಟರಿನ ಪಾರವು 3.4 ವೋಲ್ಟ್, ರೋಧಕದ ಪಾರವು 2.1 ವೋಲ್ಟ್ ಎಂದು ದೊರೆತಿದ್ದಿತು.

ಇವೆರಡರ ಮೊತ್ತವು 5.5 ಆದುದೇಕೆ? ರೋಧಕದ ವಿಭವಾಂತರವು ಪ್ರವಾಹದೊಡನೆಯೇ ಏರಿ ಇಳಿಯುತ್ತದೆ. ಕೆಪ್ಯಾಸಿಟರಿನಲ್ಲಾದರೋ, ಮೊದಲು ಪ್ರವಾಹವು ಹರಿದು ವಿದ್ಯುದಂಶವು ಶೇಖರವಾಗಬೇಕು. ಅದು ಪೂರ್ಣವಾಗಿ ತುಂಬಿದ ಕ್ಷಣದಲ್ಲಿ ಪ್ರವಾಹವು ಶೂನ್ಯವಾಗಿರುತ್ತದೆ. ಆದುದರಿಂದ ಈ ಎರಡು ಅಲೆಗಳ ತುದಿಗಳು ಒಂದೇ ಕ್ಷಣದಲ್ಲಿ ಬರುವುದಿಲ್ಲ. ಅವುಗಳ ನಡುವೆ ಕಾಲು ಆವರ್ತದ, ಎಂದರೆ 90 ಡಿಗ್ರಿಯ, ಅಂತರವಿರುತ್ತದೆ. ಆದಕಾರಣ ಪಾರಗಳನ್ನು ಲಂಬಕೋನ ತ್ರಿಕೋನದ ಎರಡು ಭುಜಗಳಂತೆ ಕೂಡಿಸಬೇಕು. 2.1ರ ವರ್ಗ 4.41, 3.4ರ ವರ್ಗ 11.56, ಮೊತ್ತ 15.97. ಅದರ ವರ್ಗಮೂಲವು ಹೆಚ್ಚುಕಡಿಮೆ 4 ವೋಲ್ಟೇ ಆಗಿದೆ!

ಇನ್ನು, ಮೂಲಕ್ಕಿಂತ ಕೆಪ್ಯಾಸಿಟರಿನ ಅಲೆಯು ಎಷ್ಟು ಹಿಂದಿದೆಯೆಂಬುದನ್ನು ತೆರೆಯಿಂದಲೇ ತಿಳಿಯಬಹುದು. ಈ ಅಂತರವೇ ಪ್ರಾವಸ್ಥಾಂತರ. ಕಲಬುರಗಿಯಿಂದ ಗಂಟೆಗೊಂದರಂತೆ ಎರಡು ಊರುಗಳಿಗೆ ಬಸ್ಸುಗಳು ಹೊರಡುವುವೆಂದು ಭಾವಿಸೋಣ. ಕಮಲಾಪುರದ ಬಸ್ಸು ಪ್ರತಿ ಬಾರಿಯೂ ಇನ್ನೊಂದಕ್ಕಿಂತ 6 ನಿಮಿಷ ತಡವಾದರೆ, ಅದು ಆವರ್ತದ ಹತ್ತನೆಯ ಒಂದು ಭಾಗದಷ್ಟು, ಎಂದರೆ 36 ಡಿಗ್ರಿಯಷ್ಟು ಹಿಂದೆ. ತೆರೆಯಲ್ಲಿ ಕಾಲವು ಎಡದಿಂದ ಬಲಕ್ಕೆ ಸಾಗುವುದರಿಂದ, ಬಲಕ್ಕೆ ಸರಿದಿರುವ ಅಲೆಯೇ ತಡವಾದುದು. ಅದನ್ನು ಮುಂದಿರುವುದೆಂದು ಎಣಿಸಬಾರದು.

ಅಲೆಯ ತುದಿಯು ದುಂಡಾಗಿರುವುದರಿಂದ ಅದರ ಕ್ಷಣವನ್ನು ನಿಖರವಾಗಿ ಗುರುತಿಸಲಾಗದು. ಎರಡು ಅಲೆಗಳೂ ಏರುತ್ತ ನಡುಗೆರೆಯನ್ನು ದಾಟುವ ಸ್ಥಾನಗಳನ್ನೇ ಗುರುತಿಸಬೇಕು. ಅದಕ್ಕೆ ಮುಂಚೆ ಎರಡರ ನಡುಗೆರೆಗಳನ್ನೂ ಒಂದರ ಮೇಲೊಂದು ಕೂಡಿಸಿಕೊಂಡಿರಬೇಕು. ಕೆಪ್ಯಾಸಿಟರಿನ ನಡುಗೆರೆಯು 0.2 ಚೌಕದಷ್ಟು ಸರಿದಿದ್ದರೂ ಸುಮಾರು 3 ಡಿಗ್ರಿಯ ತಪ್ಪು ನುಸುಳುತ್ತದೆ.

ಒಂದು ಆವರ್ತವು 10 ಚೌಕಗಳನ್ನು ತುಂಬಿದ್ದಾಗ ಅಲೆಗಳ ಅಂತರವು 0.9 ಚೌಕದಷ್ಟಿದ್ದಿತು:

φ = 360° × 0.9 ÷ 10 = 32.4°

ಇಲ್ಲಿ ಓದುವಾಗ 0.1 ಚೌಕ ತಪ್ಪಿದರೆ ಉತ್ತರದಲ್ಲಿ 3.6 ಡಿಗ್ರಿ ತಪ್ಪುತ್ತದೆ. ಚೌಕಕ್ಕೆ 20 ಮೈಕ್ರೋಸೆಕೆಂಡಿನಂತೆ ಅಲೆಯನ್ನು ಅಗಲಿಸಿದರೆ ಅದೇ ಅಂತರವು 4.4 ಚೌಕವಾಗುತ್ತದೆ, ಎಂದರೆ 88 ಮೈಕ್ರೋಸೆಕೆಂಡು. ಪೂರ್ಣ ಆವರ್ತವು 1000 ಮೈಕ್ರೋಸೆಕೆಂಡಾದುದರಿಂದ ಕೋನವು 31.7 ಡಿಗ್ರಿ, ಈಗ 0.1 ಚೌಕದ ತಪ್ಪಿನಿಂದ ಒಂದು ಡಿಗ್ರಿಯೂ ಕೆಡುವುದಿಲ್ಲ. ಪಾರಗಳೂ ಇದಕ್ಕೆ ಸಾಕ್ಷಿಯಾಗಿವೆ. 3.4ನ್ನು 4ರಿಂದ ಭಾಗಿಸಿದರೆ 0.85; ಇದು 31.8 ಡಿಗ್ರಿಯ ಕೊಸೈನ್. ಅಳಿಸಿ ಬರೆದ 1.9ನ್ನು ಇಟ್ಟುಕೊಂಡರೆ ಕೋನವು 62 ಡಿಗ್ರಿಯಾಗಿ, ತೆರೆಯ ಮೇಲಿನ ಅಂತರಕ್ಕೆ ಸ್ವಲ್ಪವೂ ಹೊಂದುವುದಿಲ್ಲ.

ಒಂದು ಎಚ್ಚರಿಕೆ. ಸಾಮಾನ್ಯ ಆಸಿಲೋಸ್ಕೋಪಿನಲ್ಲಿ ಎರಡು ಚಾನೆಲುಗಳ ಭೂತಂತಿಗಳೂ ಒಳಗೇ ಕೂಡಿಕೊಂಡಿರುತ್ತವೆ. ಮೂಲದ ಭೂತಂತಿಯೂ ಅನೇಕ ವೇಳೆ ಅವುಗಳೊಡನೆ ಸೇರಿರುತ್ತದೆ. ಮೇಲಿರುವ ರೋಧಕವನ್ನು ಅಳೆಯಲೆಂದು ಭೂತಂತಿಯ ಕ್ಲಿಪ್ಪನ್ನು ನಡುಗಂಟಿಗೆ ಸಿಕ್ಕಿಸಿದರೆ ಕೆಪ್ಯಾಸಿಟರಿನ ಎರಡು ತುದಿಗಳೂ ನೆಲಕ್ಕೆ ಸೇರಿಹೋಗುತ್ತವೆ. ಆಗ ರೋಧಕದಲ್ಲಿ ಪೂರ್ತಿ 4 ವೋಲ್ಟ್ ಕಾಣುವುದಲ್ಲದೆ, ಪ್ರಾವಸ್ಥಾಂತರವೂ ಶೂನ್ಯವಾಗುವುದು. ಇದೇ ಆ ತಪ್ಪಿನ ಗುರುತು. ರೋಧಕವನ್ನೂ ಕೆಪ್ಯಾಸಿಟರನ್ನೂ ಅದಲುಬದಲು ಮಾಡಿ, ಅಳೆಯಬೇಕಾದುದನ್ನು ಯಾವಾಗಲೂ ಭೂತಂತಿಯ ಪಕ್ಕದಲ್ಲಿಡುವುದೇ ಇದಕ್ಕೆ ಉಪಾಯ. ನಮ್ಮ ವಿದ್ಯಾರ್ಥಿಯು ಹಾಗೆಯೇ ಮಾಡಿದ್ದನು.

ಮರುದಿನ ಅವನು 1.9ನ್ನು ಹೊಡೆದುಹಾಕಿ, ಪಕ್ಕದಲ್ಲಿ 3.4 ಎಂದು ಮಸಿಯಿಂದ ಬರೆದು ತಂದನು.