ಅಜ್ಜನ ಕೈಬರಹದ ವಂಶಾವಳಿಯನ್ನು ಓದುವ ಬಗೆ

ಮನೆಯ ಹಳೆಯ ಪೆಟ್ಟಿಗೆಯಲ್ಲಿ ವಂಶಾವಳಿಯ ಹಾಳೆಯೊಂದು ಸಿಕ್ಕರೆ ಅದನ್ನು ಓದುವುದು ಹೇಗೆ? ಮಾದರಿಗಾಗಿ ಒಂದು ಸಾಲನ್ನು ನೋಡೋಣ:

‘ಚೌರಪ್ಪನ ಅ. ರಾಯಪ್ಪ. ಜ. ೧೯೨೬, ಅಕ್ಷಯ ಸಂ. ಕಾರ್ತಿಕ.’

ಮೊದಲು ಇದನ್ನು ತಿದ್ದದೆ, ಇದ್ದ ಹಾಗೆಯೇ ನೋಟುಬುಕ್ಕಿಗೆ ಇಳಿಸಿಕೊಳ್ಳಿ. ನಿಮ್ಮ ಊಹೆ ಪಕ್ಕದಲ್ಲಿರಲಿ, ಸಂಶಯವಿದ್ದ ಅಕ್ಷರದ ಮುಂದೆ (?) ಗುರುತು ಹಾಕಿ. ಊಹೆಯನ್ನೇ ನೇರವಾಗಿ ಬರೆದುಬಿಟ್ಟರೆ, ಮುಂದಿನ ಪ್ರತಿಯಲ್ಲಿ ಅದೇ ನಿಜವಾಗಿಬಿಡುತ್ತದೆ.

ಹೆಸರು: ದೀಕ್ಷಾಸ್ನಾನದ ಹಳೆಯ ದಾಖಲೆಪುಸ್ತಕಗಳು ಹೆಚ್ಚಾಗಿ ಲತೀನಿನಲ್ಲಿವೆ. ಅಲ್ಲಿ ರಾಯಪ್ಪ ‘ಪೇತ್ರುಸ್’ ಆಗಿರಬಹುದು, ಚೌರಪ್ಪ ‘ಕ್ಸವೇರಿಯುಸ್’, ಚಿನ್ನಪ್ಪ ‘ಪೌಲುಸ್’, ಇನ್ನಾಸಪ್ಪ ‘ಇಗ್ನಾತಿಯುಸ್’. ‘ರಾಯಪ್ಪ’ ಎಂಬ ಹೆಸರನ್ನೇ ಹುಡುಕಿ, ಸಿಗಲಿಲ್ಲವೆಂದು ಹಿಂತಿರುಗಬೇಡಿ. ಚೌರಪ್ಪ, ಸವೇರಪ್ಪ ಎರಡೂ ಒಂದೇ ಸಂತರ ಹೆಸರು. ಆದರೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳಿರಲೂಬಹುದು. ಆದ್ದರಿಂದ ಎರಡು ರೂಪಗಳನ್ನೂ ಉಳಿಸಿಕೊಳ್ಳಿ.

ವರ್ಷ: ಕೈಬರಹದಲ್ಲಿ ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ. ಇದು 1926 ಇರಬಹುದು, 1929 ಕೂಡ ಇರಬಹುದು. ಇಲ್ಲಿ ಸಂವತ್ಸರ ನೆರವಾಗುತ್ತದೆ. ಅಕ್ಷಯ ಸಂವತ್ಸರ 1926ರ ಯುಗಾದಿಯಿಂದ 1927ರ ಯುಗಾದಿಯವರೆಗೆ. 1929ರಲ್ಲಿ ಬಂದದ್ದು ಶುಕ್ಲ. ಕಾರ್ತಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುವುದರಿಂದ 1926 ಖಚಿತ. ಕಾರ್ತಿಕದ ಬದಲು ಫಾಲ್ಗುಣ ಎಂದಿದ್ದರೆ 1927 ಎಂದು ಬರೆಯಬೇಕಾಗುತ್ತಿತ್ತು.

ನಂಟು: ‘ಅ.’ ಎಂದರೆ ಅಣ್ಣನೋ ಅಳಿಯನೋ? ಅದೇ ಹಾಳೆಯಲ್ಲಿ ಚೌರಪ್ಪ ಹುಟ್ಟಿದ್ದು 1931 ಎಂದಿದೆ ಎಂದುಕೊಳ್ಳಿ. ತನಗಿಂತ ಐದು ವರ್ಷ ದೊಡ್ಡವನಾದ ರಾಯಪ್ಪ ಅವನ ಮಗಳ ಗಂಡನಾಗುವುದು ಕಷ್ಟ, ಅಣ್ಣನೇ ಇರಬೇಕು. ಆದರೆ ಇಷ್ಟಕ್ಕೆ ನಿಲ್ಲಬೇಡಿ. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ, ದೊಡ್ಡಮ್ಮನ ಮಗನೂ ಅಣ್ಣನೇ. ಒಡಹುಟ್ಟಿದವನು ಹೌದೋ ಅಲ್ಲವೋ ಎಂಬುದನ್ನು ಇಬ್ಬರ ದೀಕ್ಷಾಸ್ನಾನದ ದಾಖಲೆಗಳಲ್ಲಿರುವ ತಂದೆತಾಯಿಯರ ಹೆಸರು ಹೇಳಬೇಕು. ಅಲ್ಲಿ ಕಾಣುವ ಜ್ಞಾನತಂದೆ ಜ್ಞಾನತಾಯಿಯರನ್ನು ಹೆತ್ತವರೆಂದು ಎಣಿಸಬೇಡಿ. ಪಕ್ಕದ ಅಂಚಿನಲ್ಲಿ ಮದುವೆಯ ಟಿಪ್ಪಣಿ ಇದ್ದರೆ ಅದನ್ನೂ ಇಳಿಸಿಕೊಳ್ಳಿ. ಆ ವ್ಯಕ್ತಿ ಮುಂದೆ ಯಾವ ಊರಿಗೆ ಹೋದರೆಂಬ ಸುಳಿವು ಅಲ್ಲಿ ಸಿಗಬಹುದು.

ನಮ್ಮ ಉದಕಮಂಡಲ ಧರ್ಮಪ್ರಾಂತ್ಯ 1955ರಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಬೇರೆಯಾಯಿತು. ಅಜ್ಜನವರು ಬೆಟ್ಟ ಹತ್ತುವ ಮೊದಲೇ ದೀಕ್ಷಾಸ್ನಾನ ಪಡೆದಿದ್ದರೆ ಅವರ ದಾಖಲೆಯನ್ನು ಹುಟ್ಟೂರಿನ ದೇವಾಲಯದಲ್ಲೇ ಕೇಳಬೇಕು.

ಕೊನೆಗೆ ನೋಟುಬುಕ್ಕಿನಲ್ಲಿ ಹೀಗಿರಲಿ:

ಹೆಸರು: ರಾಯಪ್ಪ (ದಾಖಲೆಯಲ್ಲಿ ಪೇತ್ರುಸ್?)
ಜನನ: 1926, ಕಾರ್ತಿಕ, ಸಂವತ್ಸರದಿಂದ ಖಚಿತ
ನಂಟು: ಚೌರಪ್ಪನ ಅಣ್ಣ, ಒಡಹುಟ್ಟು (?)

ಆ ಕೊನೆಯ (?) ಸಣ್ಣದಲ್ಲ. ಈ ಎರಡು ಮನೆಗಳ ನಡುವೆ ಇಂದು ಸಂಬಂಧ ಕೂಡಿಬಂದರೆ, ನೆಂಟಸ್ತಿಕೆ ಎಷ್ಟು ಹತ್ತಿರದ್ದೆಂದು ಗುರುಗಳು ಮದುವೆಗೆ ಮೊದಲು ಕೇಳುತ್ತಾರೆ. ಹತ್ತಿರದ ರಕ್ತಸಂಬಂಧವಾದರೆ ವಿಶೇಷ ಅನುಮತಿ ಬೇಕು. ಆಗ ಊಹೆಯನ್ನು ಖಚಿತವೆಂದು ಹೇಳುವುದಕ್ಕಿಂತ, ‘ಇಷ್ಟು ತಿಳಿದಿದೆ, ಇಷ್ಟು ತಿಳಿದಿಲ್ಲ’ ಎಂದು ಈ ಪುಟವನ್ನು ತೋರಿಸುವುದೇ ಸರಿ.